ಕಾಲೇಜು ವಿದ್ಯಾರ್ಥಿಗಳ ನಿದ್ರೆ ಅಧ್ಯಯನ: ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ಎಥಿಕ್ಸ್ ಕಮಿಟಿಯಿಂದ ವಾಪಸ್ ಬಂದಿದೆ, ಹೇಗೆ ತಿದ್ದಲಿ?

ತುಮಕೂರು ಪಿಜಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಪದವಿ ವಿದ್ಯಾರ್ಥಿಗಳು ಯಾವಾಗ ಮಲಗುತ್ತಾರೆ, ಎಷ್ಟು ಹೊತ್ತು ಮಲಗುತ್ತಾರೆ, ಹಗಲು ತರಗತಿಯಲ್ಲಿ ತೂಕಡಿಕೆ ಬರುತ್ತಾ ಅನ್ನೋದು ನನ್ನ ಥೀಸಿಸ್ ವಿಷಯ. ಒಂದೇ ಕಾಲೇಜಿನ 240 ವಿದ್ಯಾರ್ಥಿಗಳು. ಮೊದಲ ದಿನ ಮೂರು ಪ್ರಶ್ನಾವಳಿ ಕೊಡುತ್ತೇನೆ: ನಿದ್ರೆಯ ಗುಣಮಟ್ಟಕ್ಕೆ ಪಿಟ್ಸ್‌ಬರ್ಗ್ ಪ್ರಶ್ನಾವಳಿ, ಹಗಲಿನ ತೂಕಡಿಕೆಗೆ ಎಪ್ವರ್ತ್, ಮನಸ್ಸಿನ ಸ್ಥಿತಿಗೆ ಪಿಎಚ್‌ಕ್ಯೂ-9. ಆಮೇಲೆ ಏಳು ದಿನ ಬೆಳಗ್ಗೆ ಎದ್ದ ಕೂಡಲೇ ನಿದ್ರೆ ಡೈರಿ ಬರೆಯಬೇಕು. ಎಂಟನೇ ದಿನ ವಾಪಸ್ ತೆಗೆದುಕೊಳ್ಳುತ್ತೇನೆ.

ಕಮಿಟಿ ಮೂರು ಆಕ್ಷೇಪ ಬರೆದಿದೆ. ಒಂದು, ವಿದ್ಯಾರ್ಥಿ ಸ್ವಂತ ಇಷ್ಟದಿಂದ ಸೇರುತ್ತಾನೆ ಅನ್ನೋದು ಕಾಣುತ್ತಿಲ್ಲ. ಎರಡು, ಗುಟ್ಟು ಕಾಪಾಡುತ್ತೇವೆ ಅಂದಿರುವುದಕ್ಕೂ ಮಾಡುವ ವಿಧಾನಕ್ಕೂ ತಾಳೆಯಾಗುತ್ತಿಲ್ಲ. ಮೂರು, ಸಾಯುವ ಯೋಚನೆ ಬಂದಿದೆಯೇ ಅಂತ ಕೇಳುವ ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆಗೆ ಯಾರಾದರೂ ಹೌದು ಅಂದರೆ ಏನು ಮಾಡುತ್ತೀರಿ ಅಂತ ಬರೆದಿಲ್ಲ.

ನನ್ನ ಕರಡಿನ ಮುಖ್ಯ ಭಾಗ ಇದು:

> "ನಿದ್ರೆಯ ಕೊರತೆ ಮತ್ತು ಮೊಬೈಲ್ ಗೀಳು ವಿದ್ಯಾರ್ಥಿಗಳ ಆರೋಗ್ಯವನ್ನು ಹಾಳು ಮಾಡುತ್ತಿರುವ ಹಿನ್ನೆಲೆಯಲ್ಲಿ ಈ ಅಧ್ಯಯನವನ್ನು ಕೈಗೊಳ್ಳಲಾಗಿದೆ. ತಮ್ಮ ಪಾಲ್ಗೊಳ್ಳುವಿಕೆ ಸಂಪೂರ್ಣ ಸ್ವಯಂಪ್ರೇರಿತವಾಗಿದೆ. ತಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ. ಇದರಿಂದ ಯಾವುದೇ ಅಪಾಯವಿಲ್ಲ. ತಮ್ಮ ನಿದ್ರೆಯ ಗುಣಮಟ್ಟ ಸುಧಾರಿಸಲು ಇದು ಸಹಾಯಕವಾಗಲಿದೆ."

ಫಾರಂ ಕೊಡುವುದು, ವಾಪಸ್ ಪಡೆಯುವುದು ಎರಡನ್ನೂ ಕ್ಲಾಸ್ ಟೀಚರ್ ಮಾಡಿಕೊಡುತ್ತೇವೆ ಅಂದಿದ್ದಾರೆ. ತರಗತಿಯ ಕೊನೆಯ ಅರ್ಧ ಗಂಟೆ ಬಿಟ್ಟುಕೊಡುತ್ತಾರೆ.

ಅಂಕಿಅಂಶದ ಮೇಷ್ಟ್ರು

ಇಷ್ಟು ತಲೆಕೆಡಿಸಿಕೊಳ್ಳುವ ವಿಷಯ ಇದಲ್ಲ. ರಕ್ತ ತೆಗೆಯುತ್ತಿಲ್ಲ, ಔಷಧಿ ಕೊಡುತ್ತಿಲ್ಲ, ಬರೀ ಪ್ರಶ್ನಾವಳಿ. ಹೆಸರು ಬರೆಯಿಸಬೇಡಿ. ಹೆಸರೇ ಇಲ್ಲದ ಮೇಲೆ ಸಹಿ ಯಾಕೆ? ಸಹಿ ಹಾಕಿಸಿದರೇ ಗುರುತು ಸಿಗುವುದು. ಒಪ್ಪಿಗೆ ಪತ್ರಕ್ಕೆ ವಿನಾಯಿತಿ ಕೇಳಿ, ಮುಗಿಯಿತು.

ಕಮಿಟಿ ಮೇಡಂ

ನಾನು ಒಂದು ವೈದ್ಯಕೀಯ ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ ಸದಸ್ಯ ಕಾರ್ಯದರ್ಶಿ ಆಗಿದ್ದವಳು. ಇಂಥ ನಿದ್ರೆ ಅಧ್ಯಯನಗಳು ನಮ್ಮ ಮುಂದೆ ತುಂಬಾ ಬರುತ್ತಿದ್ದವು.

ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಒಂದೇ ಸಲ ತುಂಬಿ ಡಬ್ಬಕ್ಕೆ ಹಾಕುವ, ಹೆಸರಿಲ್ಲದ ಪ್ರಶ್ನಾವಳಿ ಆಗಿದ್ದರೆ ಸಹಿಯಿಂದ ವಿನಾಯಿತಿ ಕೇಳಬಹುದು. ಕೊಡುವುದು ಬಿಡುವುದು ಕಮಿಟಿಗೆ ಬಿಟ್ಟಿದ್ದು. ಆದರೆ ಇಲ್ಲಿ ಮೊದಲ ದಿನದ ಪ್ರಶ್ನಾವಳಿ ಮತ್ತು ಏಳು ದಿನದ ಡೈರಿ ಒಬ್ಬರದೇ ಅಂತ ಜೋಡಿಸಬೇಕು. ಜೋಡಿಸಬೇಕು ಅಂದರೆ ಯಾವುದಾದರೂ ಗುರುತು ಬೇಕೇ ಬೇಕು. "ಗುರುತು ಯಾರಿಗೂ ತಿಳಿಯುವುದಿಲ್ಲ" ಅನ್ನೋ ವಾಕ್ಯ ಅಲ್ಲಿಗೇ ಸುಳ್ಳಾಯಿತು. ಕಮಿಟಿಯ ಎರಡನೇ ಆಕ್ಷೇಪ ಇದೇ. ಪತ್ರದಲ್ಲಿ ನಿಜ ಬರೆಯಿರಿ: ಹೆಸರಿನ ಬದಲು ಕೋಡ್ ಇರುತ್ತದೆ, ಯಾವ ಕೋಡ್ ಯಾರದು ಅನ್ನುವ ಪಟ್ಟಿ ಇಂಥವರ ಬಳಿ ಬೀಗ ಹಾಕಿರುತ್ತದೆ, ಡೈರಿ ಜೋಡಿಸಿದ ಮೇಲೆ ಆ ಪಟ್ಟಿಯನ್ನು ನಾಶ ಮಾಡುತ್ತೇವೆ.

ಮೊದಲ ಆಕ್ಷೇಪ ಇದಕ್ಕಿಂತ ದೊಡ್ಡದು. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ವಿದ್ಯಾರ್ಥಿಗಳ ಬಗ್ಗೆ ವಿಶೇಷ ಎಚ್ಚರಿಕೆ ಇದೆ. ಯಾಕೆಂದರೆ ಅವರು ಇನ್ನೊಬ್ಬರ ಅಧೀನದಲ್ಲಿರುತ್ತಾರೆ. ಇಂಟರ್ನಲ್ ಮಾರ್ಕ್ಸ್ ಹಾಕುವ ಟೀಚರೇ ಎದುರು ನಿಂತು ಫಾರಂ ಕೊಟ್ಟರೆ ಯಾವ ಹುಡುಗ ಬೇಡ ಅನ್ನುತ್ತಾನೆ? ಪತ್ರದಲ್ಲಿ "ಸ್ವಯಂಪ್ರೇರಿತ" ಅಂತ ದಪ್ಪಕ್ಷರದಲ್ಲಿ ಬರೆದರೂ ಆ ಕೋಣೆಯಲ್ಲಿ ಅದಕ್ಕೆ ಬೆಲೆ ಇಲ್ಲ. ಆದ್ದರಿಂದ ಮೊದಲು ವಿಧಾನ ಬದಲಾಯಿಸಿ, ಆಮೇಲೆ ಪತ್ರ.

ನಾವು ಒಪ್ಪುತ್ತಿದ್ದ ವಿಧಾನ ಹೀಗಿತ್ತು. ಮಾಹಿತಿ ಪತ್ರವನ್ನು ಹಿಂದಿನ ದಿನವೇ ಎಲ್ಲರಿಗೂ ಕೊಡುವುದು, ಮನೆಗೆ ಅಥವಾ ಹಾಸ್ಟೆಲ್‌ಗೆ ಒಯ್ದು ಓದಲಿ. ಮಾರನೇ ದಿನ ಟೀಚರ್ ಹೊರಗೆ ಹೋಗಬೇಕು. ಸಂಶೋಧಕಿ ಮಾತ್ರ ಒಳಗೆ. ಎಲ್ಲರಿಗೂ ಒಂದೊಂದು ಲಕೋಟೆ. ಇಷ್ಟ ಇರುವವರು ತುಂಬುತ್ತಾರೆ, ಇಲ್ಲದವರು ಖಾಲಿ ಫಾರಂ ಅನ್ನೇ ಲಕೋಟೆಗೆ ಹಾಕಿ ಅಂಟಿಸುತ್ತಾರೆ. ಹೋಗುವಾಗ ಎಲ್ಲರೂ ಡಬ್ಬಕ್ಕೆ ಹಾಕುತ್ತಾರೆ, ಮತಪೆಟ್ಟಿಗೆ ಥರ. ಯಾರು ತುಂಬಿದರು, ಯಾರು ತುಂಬಲಿಲ್ಲ ಅಂತ ಪಕ್ಕದವನಿಗೂ ಗೊತ್ತಾಗಬಾರದು. ಸಹಿ ಇರುವ ಒಪ್ಪಿಗೆ ಪತ್ರವನ್ನು ಪ್ರಶ್ನಾವಳಿಗೆ ಪಿನ್ ಮಾಡಬೇಡಿ. ಅದು ಅದೇ ಲಕೋಟೆಯೊಳಗೆ ಇನ್ನೊಂದು ಚಿಕ್ಕ ಲಕೋಟೆಯಲ್ಲಿರಲಿ, ತೆಗೆದ ಕೂಡಲೇ ಬೇರೆ ಕಡೆ ಹೋಗಲಿ.

ಹಾಸ್ಟೆಲ್ ರೂಂ ಹುಡುಗ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಾಲೇಜಿನಲ್ಲಿ ಹೋದ ವರ್ಷ ಹೀಗೇ ಒಂದು ಸರ್ವೇ ಬಂತು. ಲೆಕ್ಚರರ್ ಹಾಜರಿ ಪುಸ್ತಕ ಹಿಡಿದು ಯಾರು ಕೊಟ್ಟಿಲ್ಲ ಅಂತ ಟಿಕ್ ಹಾಕುತ್ತಿದ್ದರು. ನಾನು ಎಲ್ಲದಕ್ಕೂ ಮಧ್ಯದ ಆಯ್ಕೆಗೆ ಗುರುತು ಹಾಕಿ ಕೊಟ್ಟೆ. ನನ್ನ ಹಿಂದಿನ ಬೆಂಚಿನವರು ಒಬ್ಬರದು ಒಬ್ಬರು ನಕಲು ಮಾಡಿದರು. ಎಷ್ಟು ಗಂಟೆಗೆ ಮಲಗುತ್ತೀರಿ ಅನ್ನುವುದಕ್ಕೆ ಎಲ್ಲರೂ 10 ಅಂತ ಬರೆದೆವು. ಹಾಸ್ಟೆಲ್‌ನಲ್ಲಿ 10ಕ್ಕೆ ಲೈಟ್ ಆಫ್ ಅನ್ನೋದು ರೂಲು. 1 ಗಂಟೆ ಅಂತ ಬರೆದರೆ ವಾರ್ಡನ್ ಕೈಗೆ ಸಿಕ್ಕರೆ ಅಂತ ಭಯ.

ಅದಕ್ಕೆ ಅಕ್ಕ, ನಿಮ್ಮ ಪತ್ರದಲ್ಲಿ ವಾರ್ಡನ್‌ಗೆ ತೋರಿಸಲ್ಲ ಅಂತ ಬೇರೆಯಾಗಿಯೇ ಬರೆಯಿರಿ. "ಯಾರಿಗೂ" ಅಂದರೆ ನಾವು ನಂಬಲ್ಲ.

ಅಂಕಿಅಂಶದ ಮೇಷ್ಟ್ರು

ಈ ಹುಡುಗ ಹೇಳಿದ್ದು ನನಗೆ ಮುಖ್ಯ ಅನ್ನಿಸಿತು. ಎಲ್ಲರ ಮಲಗುವ ಹೊತ್ತು 10 ಗಂಟೆ ಅಂತ ಬಂದರೆ ನಾನು ಅದನ್ನು ಫಲಿತಾಂಶ ಅಂತಲೇ ವರದಿ ಮಾಡುತ್ತಿದ್ದೆ. ಪತ್ತೆ ಹಚ್ಚಲು ಒಂದು ದಾರಿ ಇದೆ. ಪಿಟ್ಸ್‌ಬರ್ಗ್‌ನಲ್ಲಿ ಮಲಗುವ ಹೊತ್ತು, ಏಳುವ ಹೊತ್ತು, ನಿಜವಾಗಿ ನಿದ್ದೆ ಮಾಡಿದ ಗಂಟೆ ಇವು ಮೂರೂ ಬೇರೆ ಬೇರೆ ಪ್ರಶ್ನೆ. 10ಕ್ಕೆ ಮಲಗಿ 6ಕ್ಕೆ ಎದ್ದು ನಿದ್ದೆ ಬರೀ 4 ಗಂಟೆ ಅಂತ ಬರೆದಿದ್ದರೆ ಎರಡರಲ್ಲಿ ಒಂದು. ನಿಜಕ್ಕೂ ನಿದ್ದೆ ಬಾರದೆ ಹೊರಳಾಡುವವರು, ಇಲ್ಲವೇ ಮಲಗುವ ಹೊತ್ತು ಸುಳ್ಳು. ಏಳು ದಿನದ ಡೈರಿ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಪ್ರತಿದಿನ ಒಂದೇ ಹೊತ್ತು, ಒಂದೇ ಪೆನ್ನು, ಒಂದೇ ಕೈಬರಹದ ಓಟ ಇದ್ದರೆ ಅದನ್ನು ಎಂಟನೇ ದಿನ ಬೆಳಗ್ಗೆ ಕೂತು ಬರೆದದ್ದು.

ಸಹಿ ಬೇಡ ಅಂದಿದ್ದೆನಲ್ಲ, ಡೈರಿ ಇರುವುದರಿಂದ ಆ ಮಾತು ಇಲ್ಲಿ ನಿಲ್ಲಲ್ಲ, ಒಪ್ಪುತ್ತೇನೆ. ಆದರೆ ಪಟ್ಟಿ ಇಟ್ಟುಕೊಳ್ಳುವುದಕ್ಕಿಂತ ವಿದ್ಯಾರ್ಥಿಯೇ ಕೋಡ್ ಮಾಡಿಕೊಳ್ಳಲಿ. ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು, ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ. ಲ-17-42 ಅಂತ. ಎಂಟನೇ ದಿನ ಮರೆತುಹೋಗಿದ್ದರೂ ಮತ್ತೆ ಅದೇ ಕೋಡ್ ಬರುತ್ತದೆ.

ಕಮಿಟಿ ಮೇಡಂ

ಒಳ್ಳೆಯ ಉಪಾಯ, ಮೇಷ್ಟ್ರೇ. ಒಂದು ತೊಂದರೆ ಮಾತ್ರ. 60 ಜನರ ತರಗತಿಯಲ್ಲಿ ಎಲ್ಲರ ಹುಟ್ಟಿದ ತಾರೀಖೂ ಫೋನ್ ನಂಬರೂ ಕಾಲೇಜು ಕಚೇರಿಯಲ್ಲಿ ಇರುತ್ತದೆ. ತಾಯಿಯ ಹೆಸರೂ ಇರುತ್ತದೆ. ಫಾರಂಗಳು ಕಾಲೇಜಿನವರ ಕೈಗೆ ಸಿಕ್ಕರೆ ಕೋಡ್ ಬಿಡಿಸುವುದು ಕಷ್ಟವಲ್ಲ. ಕಚೇರಿಯ ದಾಖಲೆಯಲ್ಲಿ ಇಲ್ಲದ್ದನ್ನು ಕೇಳಿ. ಅಜ್ಜಿಯ ಹೆಸರಿನ ಮೊದಲ ಅಕ್ಷರ, ಓದಿದ ಪ್ರೈಮರಿ ಶಾಲೆ ಇದ್ದ ಊರಿನ ಮೊದಲ ಅಕ್ಷರ, ಹೀಗೆ. ಎರಡಕ್ಕಿಂತ ಜಾಸ್ತಿ ಸಂಗತಿ ಬೇಕಾಗುತ್ತದೆ, ಇಲ್ಲದಿದ್ದರೆ ಇಬ್ಬರಿಗೆ ಒಂದೇ ಕೋಡ್ ಬಂದುಬಿಡುತ್ತದೆ.

ಮಗಳ ಅಪ್ಪ, ಶಿರಸಿ

ನಿದ್ರೆ ವಿಷಯ ಮಾತಾಡುತ್ತಿದ್ದೀರಿ ಅಂತ ಕೇಳುತ್ತೇನೆ. ನನ್ನ ಮಗಳು ಬಿ.ಕಾಂ ಮೊದಲ ವರ್ಷ, ಪೇಟೆಯಲ್ಲಿ ಪಿಜಿಯಲ್ಲಿದ್ದಾಳೆ. ರಾತ್ರಿ 2ರವರೆಗೆ ಎದ್ದಿರುತ್ತಾಳೆ. ಅವಳ ಕಾಲೇಜಿಗೂ ಇಂಥ ಫಾರಂ ಬಂದಿದೆಯಂತೆ. "ನಿದ್ರೆಯ ಗುಣಮಟ್ಟ ಸುಧಾರಿಸಲು ಸಹಾಯಕ" ಅಂತ ಬರೆದಿದ್ದಾರೆ. ಇದನ್ನು ತುಂಬಿದರೆ ಡಾಕ್ಟರ್ ನೋಡಿ ಔಷಧಿ ಬರೆದುಕೊಡುತ್ತಾರಾ? ಹಾಗಾದರೆ ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು ಬೇಡ ಅಂದುಕೊಂಡೆ. ಅವಳಿಗೆ ಇನ್ನೂ 17 ವರ್ಷ, ನವೆಂಬರ್‌ಗೆ 18 ತುಂಬುತ್ತದೆ.

ಕಮಿಟಿ ಮೇಡಂ

ಇಲ್ಲ ಸರ್, ಡಾಕ್ಟರ್ ನೋಡುವುದಿಲ್ಲ. ಇಂಥ ಅಧ್ಯಯನದಲ್ಲಿ ಉತ್ತರಗಳನ್ನು ಕೂಡಿಸಿ ಒಟ್ಟು ಲೆಕ್ಕ ಹಾಕುತ್ತಾರೆ, ಚಿಕಿತ್ಸೆ ಇರುವುದಿಲ್ಲ. ಮಗಳಿಗೆ ಹಗಲು ತೊಂದರೆ ಆಗುತ್ತಿದ್ದರೆ ಡಾಕ್ಟರ್‌ಗೆ ತೋರಿಸುವುದನ್ನು ಮುಂದೂಡಬೇಡಿ.

ತುಮಕೂರಿನವರೇ, ನಿಮ್ಮ ಕರಡಿನಲ್ಲೂ ಇದೇ ವಾಕ್ಯ ಇದೆ, ನೋಡಿ. ಒಬ್ಬ ಅಪ್ಪ ಅದನ್ನು ಓದಿ ಆಸ್ಪತ್ರೆಗೆ ಹೋಗುವುದನ್ನೇ ಬಿಡಲು ಹೊರಟಿದ್ದಾರೆ. ಆ ವಾಕ್ಯ ತೆಗೆಯಿರಿ. "ಇದರಿಂದ ನಿಮಗೆ ನೇರ ಲಾಭ ಇಲ್ಲ" ಅಂತ ಬರೆಯಿರಿ. "ಯಾವುದೇ ಅಪಾಯವಿಲ್ಲ" ಅನ್ನೋದೂ ಬೇಡ. ಕೆಲವು ಪ್ರಶ್ನೆಗಳು ಮನಸ್ಸಿಗೆ ಕಸಿವಿಸಿ ತರಬಹುದು, ಏಳು ದಿನ ಬೆಳಗ್ಗೆ ಮೂರು ನಾಲ್ಕು ನಿಮಿಷ ಹೋಗುತ್ತದೆ. ಇರುವುದನ್ನು ಹೇಳಿಬಿಡಿ.

ಮೊಬೈಲ್ ಗೀಳು ಅನ್ನೋ ಮೊದಲ ಸಾಲಂತೂ ಬೇಡವೇ ಬೇಡ. ಅದನ್ನು ಓದಿದ ವಿದ್ಯಾರ್ಥಿ ನೀವು ಏನು ಕೇಳಬಯಸುತ್ತೀರೋ ಅದನ್ನೇ ಬರೆಯುತ್ತಾನೆ.

ಇನ್ನು 17 ವರ್ಷದವರ ವಿಷಯ. 18 ತುಂಬದವರಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಅದರ ಜೊತೆ ಮಗುವಿನ ಸ್ವಂತ ಲಿಖಿತ ಸಮ್ಮತಿಯೂ ಬೇಕು. ಮೊದಲ ವರ್ಷದ ತರಗತಿಯಲ್ಲಿ ಇಂಥವರು ಇದ್ದೇ ಇರುತ್ತಾರೆ.

ಆಡಳಿತ ಕಚೇರಿ

ಅದಕ್ಕೆ ಪ್ರಾಂಶುಪಾಲರು ಸಹಿ ಹಾಕಿದರೆ ಸಾಲದೇ? ಕಾಲೇಜಿನಲ್ಲಿ ಇರುವಷ್ಟು ಹೊತ್ತು ಮಕ್ಕಳ ಜವಾಬ್ದಾರಿ ಅವರದೇ. ಟೂರ್‌ಗೆ ಕರೆದುಕೊಂಡು ಹೋಗುವಾಗ ಎಲ್ಲ ಅವರೇ ನೋಡಿಕೊಳ್ಳುತ್ತಾರಲ್ಲ.

ಕಮಿಟಿ ಮೇಡಂ

ಸಾಲದು ಸರ್. ಪ್ರಾಂಶುಪಾಲರು ಕೊಡುವುದು ಕಾಲೇಜಿನೊಳಗೆ ಬಂದು ಅಧ್ಯಯನ ಮಾಡಲು ಅನುಮತಿ. ಅದೂ ಬೇಕು, ಅದರ ಪತ್ರ ಕಮಿಟಿಗೆ ಕೊಡಲೇಬೇಕು. ಆದರೆ ಒಬ್ಬ ವಿದ್ಯಾರ್ಥಿನಿಯ ಬದಲು ಅವರು ಒಪ್ಪಲು ಬರುವುದಿಲ್ಲ. ಟೂರ್‌ಗೂ ಮನೆಯವರ ಸಹಿ ತರಿಸುತ್ತೀರಿ, ಅಲ್ವಾ?

ತುಮಕೂರು ಪಿಜಿ

ಹಾಗಾದರೆ 18 ತುಂಬಿದವರನ್ನು ಮಾತ್ರ ಸೇರಿಸಿಕೊಳ್ಳಲೇ? ಊರಿನಲ್ಲಿರುವ ತಂದೆ ತಾಯಿಗೆ ಪತ್ರ ಕಳಿಸಿ ಸಹಿ ತರಿಸುವಷ್ಟು ಸಮಯ ನನಗಿಲ್ಲ.

ಅಂಕಿಅಂಶದ ಮೇಷ್ಟ್ರು

ಮಾಡಬಹುದು. ಆದರೆ ಮನೆ ಬಿಟ್ಟು ಹೊಸದಾಗಿ ಹಾಸ್ಟೆಲ್‌ಗೆ ಬಂದವರಲ್ಲಿ ಚಿಕ್ಕವರೇ ಬಿಟ್ಟುಹೋಗುತ್ತಾರೆ. ನಿದ್ದೆ ಕೆಡುವುದು ಅವರಿಗೇ ಜಾಸ್ತಿ ಇರಬಹುದು. ಥೀಸಿಸ್‌ನ ಮಿತಿಗಳ ಭಾಗದಲ್ಲಿ ಇದನ್ನು ಬರೆಯಲೇಬೇಕು. "ಪದವಿ ವಿದ್ಯಾರ್ಥಿಗಳು" ಅನ್ನುವ ಬದಲು "18 ತುಂಬಿದ ಪದವಿ ವಿದ್ಯಾರ್ಥಿಗಳು" ಅಂತ ಶೀರ್ಷಿಕೆಯಲ್ಲೇ ಇರಲಿ.

ಆಪ್ತ ಸಮಾಲೋಚಕಿ

ಮೂರನೇ ಆಕ್ಷೇಪವನ್ನು ಯಾರೂ ಮುಟ್ಟಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ, ಕಳೆದ ಎರಡು ವಾರದಲ್ಲಿ ಸತ್ತರೆ ಒಳ್ಳೆಯದು ಅಥವಾ ತನಗೆ ತಾನೇ ನೋವು ಮಾಡಿಕೊಳ್ಳಬೇಕು ಅನ್ನಿಸಿದೆಯೇ ಎಂದು ಕೇಳುತ್ತದೆ. 240 ಜನರಲ್ಲಿ ಒಬ್ಬರಾದರೂ ಹೌದು ಅನ್ನಬಹುದು ಅಂತಲೇ ತಯಾರಾಗಿರಬೇಕು. ನೀವು ಲಕೋಟೆಗಳನ್ನು ಕಟ್ಟಿಟ್ಟು, ಡೈರಿ ಎಲ್ಲ ಬಂದ ಮೇಲೆ ಕೂತು ತೆರೆದರೆ ಆ ವಿದ್ಯಾರ್ಥಿ ಸಹಾಯ ಕೇಳಿ ಎಷ್ಟೋ ದಿನ ಆಗಿರುತ್ತದೆ. ಕೇಳಿದ ಮೇಲೆ ಓದದೇ ಇಡುವುದು ನನಗೆ ಒಪ್ಪಿಗೆಯಾಗದ ಮಾತು.

ನಿಮ್ಮ ಮುಂದೆ ಎರಡು ದಾರಿ ಇವೆ. ಮೊದಲನೆಯದು, ಆ ಪ್ರಶ್ನೆ ಬಿಟ್ಟುಬಿಡುವುದು. ಅದಿಲ್ಲದ ಎಂಟು ಪ್ರಶ್ನೆಗಳ ಪಿಎಚ್‌ಕ್ಯೂ-8 ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ನಿಮ್ಮ ವಿಷಯ ನಿದ್ರೆ, ಆತ್ಮಹತ್ಯೆಯ ಯೋಚನೆ ಅಲ್ಲ. ಆದ್ದರಿಂದ ಇದೇ ಸರಿ ಅನ್ನಿಸುತ್ತದೆ. ಎರಡನೆಯದು, ಪ್ರಶ್ನೆ ಇಟ್ಟುಕೊಂಡು ಲಕೋಟೆಗಳನ್ನು ಅದೇ ದಿನ ಸಂಜೆಯೊಳಗೆ ತೆರೆದು ಆ ಒಂದು ಉತ್ತರ ನೋಡುವುದು. ಹೌದು ಅಂದವರನ್ನು ಅಂದೇ ಸಂಪರ್ಕಿಸಲು ನುರಿತ ಸಮಾಲೋಚಕರು ತಯಾರಿರಬೇಕು. ಸಂಪರ್ಕಿಸಬೇಕಾದರೆ ಹೆಸರು ಗೊತ್ತಿರಬೇಕು. ಅಂದರೆ ಮೇಷ್ಟ್ರು ಹೇಳಿದ ಸ್ವಂತ ಕೋಡ್ ಇಲ್ಲಿ ನಡೆಯುವುದಿಲ್ಲ. ಮಾಹಿತಿ ಪತ್ರದಲ್ಲೂ ಮೊದಲೇ ಹೇಳಬೇಕು: "ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಗುಟ್ಟನ್ನು ಬಿಟ್ಟು ನಿಮ್ಮನ್ನು ಸಂಪರ್ಕಿಸುತ್ತೇವೆ."

ಯಾವ ದಾರಿ ಹಿಡಿದರೂ ಟೆಲಿ ಮಾನಸ್ ನಂಬರ್ 14416 ಪತ್ರದಲ್ಲಿ ಇರಲಿ. ಸರ್ಕಾರದ ಸೇವೆ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಸಹಿ ಮಾಡುವ ಹಾಳೆಯಲ್ಲಿ ಹಾಕಬೇಡಿ, ಅದು ನಿಮ್ಮ ಹತ್ತಿರ ವಾಪಸ್ ಬರುತ್ತದೆ. ಅವರು ಮನೆಗೆ ಒಯ್ಯುವ ಹಾಳೆಯಲ್ಲಿ ಇರಬೇಕು.

ಹಾಸ್ಟೆಲ್ ರೂಂ ಹುಡುಗ

ಆ ಪ್ರಶ್ನೆ ಇಡಬೇಕು ಅನ್ನಿಸುತ್ತದೆ ನನಗೆ. ನಮ್ಮನ್ನು ಯಾರೂ ಕೇಳುವುದೇ ಇಲ್ಲ.

ಆಪ್ತ ಸಮಾಲೋಚಕಿ

ನೀವು ಹೇಳಿದ್ದು ಅರ್ಥವಾಗುತ್ತದೆ. ಕೇಳುವವರು ಉತ್ತರ ಬಂದ ದಿನವೇ ಜೊತೆಗೆ ನಿಲ್ಲುವಂತಿದ್ದರೆ ಖಂಡಿತ ಕೇಳಲಿ. ಒಬ್ಬಳೇ ಥೀಸಿಸ್ ಮಾಡುವ ವಿದ್ಯಾರ್ಥಿನಿಗೆ ಅದು ಆಗುವ ಕೆಲಸವೇ ಅನ್ನೋದು ನನ್ನ ಅನುಮಾನ. ನಿಮಗೋ ನಿಮ್ಮ ಗೆಳೆಯರಿಗೋ ಈಗ ಮಾತಾಡಬೇಕು ಅನ್ನಿಸಿದರೆ ಆ ನಂಬರ್‌ಗೆ ಕರೆ ಮಾಡಿ, ಅಥವಾ ನನಗೆ ಇಲ್ಲೇ ಖಾಸಗಿಯಾಗಿ ಬರೆಯಿರಿ.

ತುಮಕೂರು ಪಿಜಿ

ಗೈಡ್ ಜೊತೆ ಕೂತು ಮಾತಾಡಿದೆ. ಪಿಎಚ್‌ಕ್ಯೂ-8 ಬಳಸಲು ಒಪ್ಪಿದರು. 18 ತುಂಬಿದವರು ಮಾತ್ರ. ಟೀಚರ್ ಹೊರಗಿರುತ್ತಾರೆ. ಕೋಡ್‌ನ್ನು ವಿದ್ಯಾರ್ಥಿಗಳೇ ಮಾಡಿಕೊಳ್ಳುತ್ತಾರೆ. ಮಾಹಿತಿ ಪತ್ರ ಹೀಗೆ ತಿದ್ದಿದ್ದೇನೆ:

> "ನಾನು ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿ. ಪದವಿ ವಿದ್ಯಾರ್ಥಿಗಳ ನಿದ್ರೆಯ ಅಭ್ಯಾಸ ತಿಳಿಯಲು ಈ ಅಧ್ಯಯನ ಮಾಡುತ್ತಿದ್ದೇನೆ. 18 ವರ್ಷ ತುಂಬಿದವರು ಸೇರಬಹುದು.
>
> ಸೇರಿದರೆ ಮೊದಲ ದಿನ ಸುಮಾರು 20 ನಿಮಿಷ ಮೂರು ಪ್ರಶ್ನಾವಳಿ ತುಂಬಬೇಕು. ನಂತರ ಏಳು ದಿನ ಬೆಳಗ್ಗೆ ಎದ್ದಾಗ ಕೆಲವು ನಿಮಿಷ ಡೈರಿ ಬರೆಯಬೇಕು. ಒಂದು ದಿನ ತಪ್ಪಿದರೆ ಆ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ.
>
> ಸೇರುವುದು ಬಿಡುವುದು ನಿಮ್ಮ ಇಷ್ಟ. ಸೇರದಿದ್ದರೆ ಖಾಲಿ ಫಾರಂ ಅನ್ನು ಲಕೋಟೆಗೆ ಹಾಕಿ ಕೊಡಿ. ಇದಕ್ಕೂ ನಿಮ್ಮ ಹಾಜರಾತಿಗೂ ಅಂಕಗಳಿಗೂ ಸಂಬಂಧ ಇಲ್ಲ. ನಿಮ್ಮ ಉತ್ತರಗಳನ್ನು ಅಧ್ಯಾಪಕರು, ಪ್ರಾಂಶುಪಾಲರು, ವಾರ್ಡನ್, ಮನೆಯವರು ಯಾರಿಗೂ ತೋರಿಸುವುದಿಲ್ಲ. ನಾನು ಮತ್ತು ನನ್ನ ಮಾರ್ಗದರ್ಶಕರು ಮಾತ್ರ ನೋಡುತ್ತೇವೆ. ಎಥಿಕ್ಸ್ ಕಮಿಟಿ ಪರಿಶೀಲನೆಗೆ ಕೇಳಿದರೆ ತೋರಿಸಬೇಕಾಗುತ್ತದೆ.
>
> ಇಷ್ಟವಿಲ್ಲದ ಪ್ರಶ್ನೆಯನ್ನು ಬಿಡಬಹುದು. ಯಾವಾಗ ಬೇಕಾದರೂ ನಿಲ್ಲಿಸಬಹುದು, ಕಾರಣ ಹೇಳಬೇಕಿಲ್ಲ. ಕೊಟ್ಟ ಉತ್ತರ ವಾಪಸ್ ಬೇಕಿದ್ದರೆ ಡೈರಿ ಸಂಗ್ರಹಿಸುವ ದಿನದೊಳಗೆ ನಿಮ್ಮ ಕೋಡ್ ಹೇಳಿ. ಆಮೇಲೆ ಎಲ್ಲರ ಉತ್ತರ ಸೇರಿಹೋಗುವುದರಿಂದ ತೆಗೆಯಲು ಆಗುವುದಿಲ್ಲ.
>
> ಇದು ಚಿಕಿತ್ಸೆ ಅಲ್ಲ. ನಿಮಗೆ ನೇರ ಲಾಭ ಇಲ್ಲ. ಕೆಲವು ಪ್ರಶ್ನೆಗಳಿಂದ ಮನಸ್ಸಿಗೆ ಬೇಸರ ಆಗಬಹುದು. ಆಗ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು."

ಕೆಳಗೆ ನನ್ನ, ಗೈಡ್‌ನ ಮತ್ತು ಕಮಿಟಿ ಸದಸ್ಯ ಕಾರ್ಯದರ್ಶಿಯ ಫೋನ್ ನಂಬರ್ ಇವೆ. ಒಪ್ಪಿಗೆ ಪತ್ರ ಬೇರೆ ಹಾಳೆ. ಅದರಲ್ಲಿ ಓದಿದ್ದೇನೆ, ಪ್ರಶ್ನೆ ಕೇಳಲು ಅವಕಾಶ ಸಿಕ್ಕಿತು, 18 ತುಂಬಿದೆ, ಸೇರಲು ಒಪ್ಪುತ್ತೇನೆ ಅನ್ನುವ ಸಾಲುಗಳು, ಸಹಿ, ಅವರೇ ಬರೆಯುವ ದಿನಾಂಕ. ಒಂದು ಪ್ರತಿ ಅವರಿಗೆ.

ಕಮಿಟಿ ಮೇಡಂ

ಇದು ನಮ್ಮ ಮುಂದೆ ಬಂದಿದ್ದರೆ ಸಂತೋಷದಿಂದ ಪಾಸ್ ಮಾಡುತ್ತಿದ್ದೆ. "ಕಮಿಟಿ ಕೇಳಿದರೆ ತೋರಿಸಬೇಕಾಗುತ್ತದೆ" ಅಂತ ಬರೆದದ್ದು ತುಂಬಾ ಒಳ್ಳೆಯದು, ಅದನ್ನು ಬಹಳ ಜನ ಮುಚ್ಚಿಡುತ್ತಾರೆ.

ಒಂದು ಉಳಿದಿದೆ. ಪಿಟ್ಸ್‌ಬರ್ಗ್‌ನ ಕೊನೆಯಲ್ಲಿ ರೂಂಮೇಟ್‌ನ್ನು ಕೇಳಿ ತುಂಬುವ ಐದು ಪ್ರಶ್ನೆ ಇವೆ, ಗೊರಕೆ ಹೊಡೆಯುತ್ತಾರಾ, ಉಸಿರು ನಿಲ್ಲುತ್ತಾ ಅಂತ. ಆ ರೂಂಮೇಟ್ ಒಪ್ಪಿಗೆ ಕೊಟ್ಟಿಲ್ಲ. ಹೇಗಿದ್ದರೂ ಅವು ಅಂಕಕ್ಕೆ ಸೇರುವುದಿಲ್ಲ, ಲೆಕ್ಕಕ್ಕೆ ಬರುವುದು ಮೊದಲ 19 ಪ್ರಶ್ನೆ ಮಾತ್ರ. ಬಿಟ್ಟುಬಿಡಿ, ಬಿಟ್ಟಿದ್ದೇನೆ ಅಂತ ಕಮಿಟಿಗೆ ಬರೆಯಿರಿ. ಪ್ರಶ್ನಾವಳಿ ಬಳಸಲು ಹಕ್ಕುದಾರರ ಅನುಮತಿ ಪತ್ರವನ್ನೂ ಲಗತ್ತಿಸಿ.

ಹಾಸ್ಟೆಲ್ ರೂಂ ಹುಡುಗ

ನಮ್ಮ ಅಂಕ ಎಷ್ಟು ಬಂತು ಅಂತ ನಮಗೆ ಹೇಳುತ್ತೀರಾ ಅಕ್ಕ? ಏಳು ದಿನ ಬರೆದ ಮೇಲೆ ಅದನ್ನಾದರೂ ತಿಳಿಯಬೇಕು ಅನ್ನಿಸುತ್ತದೆ.

ಅಂಕಿಅಂಶದ ಮೇಷ್ಟ್ರು

ಹೇಳಬೇಕು. ಕೋಡ್ ಇದೆಯಲ್ಲ, ಕೋಡ್‌ವಾರು ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಹಾಕಿದರೆ ಅವರವರೇ ನೋಡಿಕೊಳ್ಳುತ್ತಾರೆ.

ಆಪ್ತ ಸಮಾಲೋಚಕಿ

ನನಗೆ ಒಪ್ಪಿಗೆ ಇಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಒಟ್ಟು 21ಕ್ಕೆ 5 ದಾಟಿದರೆ ನಿದ್ರೆ ಸರಿಯಿಲ್ಲ ಅನ್ನುವ ಗುಂಪಿಗೆ ಸೇರಿಸುತ್ತಾರೆ. ಅದು ಕಾಯಿಲೆ ಅಂತ ಅಲ್ಲ. ಪರೀಕ್ಷೆ ಹತ್ತಿರದ ತಿಂಗಳಾದರೆ ತರಗತಿಯ ತುಂಬಾ ಜನ 5 ದಾಟಿರುತ್ತಾರೆ. ಪಕ್ಕದಲ್ಲಿ ವಿವರಿಸುವವರು ಯಾರೂ ಇಲ್ಲದೆ 9 ಅಂತ ನೋಡಿದ ಹುಡುಗಿ ಆ ರಾತ್ರಿ ಇನ್ನೂ ನಿದ್ದೆಗೆಡುತ್ತಾಳೆ. ಜೊತೆಗೆ ಗೆಳತಿಯ ಅಜ್ಜಿಯ ಹೆಸರು, ಊರು ಗೊತ್ತಿರುವವರು ಅವಳ ಅಂಕವನ್ನೂ ಹುಡುಕಿಬಿಡುತ್ತಾರೆ.

ಅಂಕಿಅಂಶದ ಮೇಷ್ಟ್ರು

ಕೊನೆಯ ಮಾತು ಸರಿ, ಪಟ್ಟಿ ಬೇಡ. ಆದರೆ ಅವರದೇ ಉತ್ತರದ ಲೆಕ್ಕವನ್ನು ಅವರಿಂದ ಮುಚ್ಚಿಡುವುದು ನನಗೆ ಸರಿ ಕಾಣುತ್ತಿಲ್ಲ.

ತುಮಕೂರು ಪಿಜಿ

ಒಟ್ಟು ಫಲಿತಾಂಶವನ್ನು ಕಾಲೇಜಿಗೆ ಬಂದು ವಿವರಿಸುತ್ತೇನೆ ಅಂತ ಪತ್ರದಲ್ಲಿ ಸೇರಿಸುತ್ತಿದ್ದೇನೆ. ಸ್ವಂತ ಅಂಕ ಬೇಕು ಅನ್ನುವವರು ಕೋಡ್ ಹೇಳಿ ನನ್ನನ್ನು ಮುಖಾಮುಖಿ ಕೇಳಬಹುದೇ ಅನ್ನುವುದನ್ನು ಕಮಿಟಿಯ ನಿರ್ಧಾರಕ್ಕೆ ಬಿಟ್ಟು ಪ್ರತ್ಯೇಕ ಪ್ರಶ್ನೆಯಾಗಿ ಬರೆದಿದ್ದೇನೆ. ಬುಧವಾರ ಸಲ್ಲಿಸುತ್ತೇನೆ. ಅದಕ್ಕೂ ಮೊದಲು, ರೂಂ ಹುಡುಗನಿಗೆ ಒಂದು ಕೋರಿಕೆ. ಈ ಪತ್ರವನ್ನು ನಿಮ್ಮ ಹಾಸ್ಟೆಲ್‌ನಲ್ಲಿ ನಾಲ್ಕೈದು ಜನರಿಗೆ ಓದಲು ಕೊಟ್ಟು, ಸೇರದಿದ್ದರೆ ಏನಾಗುತ್ತದೆ, ಯಾರು ಉತ್ತರ ನೋಡುತ್ತಾರೆ, ಯಾವಾಗಿನವರೆಗೆ ವಾಪಸ್ ಪಡೆಯಬಹುದು ಅಂತ ಅವರ ಮಾತಿನಲ್ಲೇ ಹೇಳಿಸುತ್ತೀರಾ? ಎಲ್ಲಿ ತಡವರಿಸಿದರು ಅಂತ ನನಗೆ ತಿಳಿಸಿ, ಆ ಸಾಲು ಮತ್ತೆ ಬರೆಯುತ್ತೇನೆ.

ಹಾಸ್ಟೆಲ್ ರೂಂ ಹುಡುಗ

ಇಬ್ಬರಿಗೆ ಈಗಲೇ ಕೊಟ್ಟೆ. ಸೇರುವುದು, ಯಾರು ನೋಡುವುದು ಎರಡೂ ಸರಿಯಾಗಿ ಹೇಳಿದರು. "ಡೈರಿ ಸಂಗ್ರಹಿಸುವ ದಿನ" ಯಾವುದು ಅಂತ ಇಬ್ಬರೂ ಕೇಳಿದರು. ಅಲ್ಲಿ ತಾರೀಖನ್ನೇ ಬರೆದುಬಿಡಿ ಅಕ್ಕ.